ಆರ್‌ಒ ಡೆಮೊ: ಮೊದಲ ಲೋಟದಲ್ಲೇ ಟಿಡಿಎಸ್ ಜಾಸ್ತಿ ತೋರಿಸುತ್ತಿದ್ದರೆ

ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಪ್ರಮಾಣ, 800. ಯಂತ್ರ ಹಾಕಿ ಮನೆಯವರ ಮುಂದೆ ಮೀಟರ್ ಇಟ್ಟರೆ ಮೊದಲ ಲೋಟ 190 ತೋರಿಸುತ್ತಿತ್ತು. ಡೆಮೊ ಅಲ್ಲಿಗೇ ಮುಗಿಯಿತು.

ಮೀಟರ್ ಬದಲಿಸಿದರೂ, ಹೊಸ ಮೆಂಬ್ರೇನ್ ಹಾಕಿದರೂ ಅಷ್ಟೇ. ಕೆಲವರು ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟು ನೀರು ಕಂದಾಗಿಸಿ ತೋರಿಸುತ್ತಾರೆ. ಅದು ಕಡ್ಡಿ ಕರಗಿದ ಬಣ್ಣ, ನೀರಿನ ಕೊಳೆಯಲ್ಲ, ಬಿಟ್ಟುಬಿಡಿ.

ಮೊದಲ ಲೋಟ ಜಾಸ್ತಿ ತೋರಿಸಲು ಕಾರಣ ಸರಳ. ಯಂತ್ರ ನಿಂತಾಗ ಮೆಂಬ್ರೇನಿನ ಆಚೆ ಬದಿಯ ಉಪ್ಪು ನಿಧಾನವಾಗಿ ಶುದ್ಧ ನೀರಿನ ಕಡೆಗೆ ಇಳಿಯುತ್ತದೆ. ಶುರುವಿನಲ್ಲಿ ಬರುವುದು ಆ ನೀರೇ.

ಸರಿಹೋದದ್ದು ಕ್ರಮ ಬದಲಿಸಿದಾಗ. ಮೊದಲು ನಲ್ಲಿ ನೀರನ್ನು ಅಳೆದು, ಕೆಟಲ್ ತಳದ ಬಿಳಿ ಪೊರೆಯನ್ನು ತೋರಿಸಿ. ಆಮೇಲೆ ಟ್ಯಾಂಕಿಗೆ ಹೋಗುವ ಪೈಪನ್ನು ಬಿಡಿಸಿ ಬಕೆಟ್ಟಿಗೆ ಬಿಟ್ಟು, ಯಂತ್ರ ಆನ್ ಮಾಡಿ. ಹತ್ತು ನಿಮಿಷ ಹರಿಯಲಿ. ಅಷ್ಟರಲ್ಲಿ ಸೆಡಿಮೆಂಟ್, ಕಾರ್ಬನ್, ಮೆಂಬ್ರೇನ್ ಏನು ಮಾಡುತ್ತವೆಂದು ಹೇಳಿ. ನಂತರ ಅದೇ ಪೈಪಿನಿಂದ ಲೋಟ ತುಂಬಿಸಿ ಅಳೆಯಿರಿ. ಈಗ 55 ಬಂತು. ಟ್ಯಾಂಕಿನ ನಲ್ಲಿಯಿಂದ ಅಳೆಯಬೇಡಿ, ಅಲ್ಲಿ ಹಳೆಯ ನೀರು, ಟಿಡಿಎಸ್ ಕಂಟ್ರೋಲರ್ ಬೆರೆಸುವ ಮೆಂಬ್ರೇನ್ ದಾಟದ ನೀರು ಎರಡೂ ಇರುತ್ತವೆ.

ಕೊನೆಗೆ ತ್ಯಾಜ್ಯದ ಪೈಪನ್ನು ಇನ್ನೊಂದು ಬಕೆಟ್ಟಿಗೆ ಹಾಕಿ, ಎರಡನ್ನೂ ಪಕ್ಕಪಕ್ಕ ಇಡಿ. ಒಂದು ಲೀಟರ್ ಒಳ್ಳೆಯ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಹೋಗುತ್ತದೆ. ನೆಲ ಒರೆಸಲು ಆದೀತು, ಗಿಡಕ್ಕೆ ಬೇಡ. ನಲ್ಲಿ ನೀರಿನ ಟಿಡಿಎಸ್ಸೇ 200ರ ಒಳಗಿದ್ದರೆ, ಬೇರೆ ದೋಷವಿಲ್ಲದಿದ್ದರೆ, ಯುವಿ ಯಂತ್ರವೇ ಸಾಕೆಂದು ಹೇಳಿಬಿಡಿ. ರೋಗಾಣುಗಳಂತೂ ಈ ಮೀಟರಿಗೆ ಕಾಣುವುದೇ ಇಲ್ಲ.