ಮಲಗಿದರೂ ಬಿಡದ ಮೂಳೆನೋವು, ಕಾರಣವಿಲ್ಲದೆ ಇಳಿಯುವ ತೂಕ: ತಪಾಸಣೆ ಹೇಗೆ ಸಾಗಬೇಕು?

ಸೊಂಟ ಉಳುಕಿದರೆ ಬಗ್ಗಿದಾಗ ನೋಯುತ್ತದೆ, ಮಲಗಿದರೆ ಹಾಯೆನಿಸುತ್ತದೆ. ಈ ಲೇಖನ ಅದಕ್ಕೆ ತದ್ವಿರುದ್ಧವಾದ ನೋವಿನ ಬಗ್ಗೆ. ಯಾವ ಮಗ್ಗುಲಿಗೆ ಹೊರಳಿದರೂ, ಎದ್ದು ಕೂತರೂ, ನಾಲ್ಕು ಹೆಜ್ಜೆ ಓಡಾಡಿದರೂ ಅದು ಒಂದೇ ಸಮನೆ ಒಳಗಿನಿಂದ ಕೊರೆಯುತ್ತಿರುತ್ತದೆ. ಜೊತೆಗೆ ತೂಕವೂ ಇಳಿಯುತ್ತಿದ್ದರೆ ಕಾರಣ ಗೊತ್ತಾಗುವವರೆಗೆ ಹುಡುಕಾಟ ನಿಲ್ಲಿಸಬಾರದು.

66 ವರ್ಷದ ಒಬ್ಬರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಎರಡು ತಿಂಗಳಿಂದ ಸೊಂಟನೋವು, ರಾತ್ರಿ ಎರಡು ಗಂಟೆಗೆ ಎಚ್ಚರ. ಎಕ್ಸ್‌ರೇ ನೋಡಿ ‘ವಯಸ್ಸಿನ ಸವೆತ’ ಎಂದಿದ್ದಾರೆ. ಮಾತ್ರೆ, ಬೆಲ್ಟು ಎಲ್ಲ ಆಗಿದೆ.

ಮೊದಲ ಹಂತ: ಒಂದು ವಾರ ನೋವನ್ನು ಬರೆದಿಡಿ. ಎಷ್ಟು ಗಂಟೆಗೆ ಎಚ್ಚರವಾಯಿತು, ಮಗ್ಗುಲು ಬದಲಿಸಿದಾಗ ಕಡಿಮೆಯಾಯಿತೇ, ನೋವಿನ ಮಾತ್ರೆ ಎಷ್ಟು ಹೊತ್ತು ತಡೆಯಿತು, ಇಷ್ಟು ಸಾಕು. ರಾತ್ರಿ ನೋವೆಲ್ಲ ಗಂಭೀರವೇನಲ್ಲ. ನೋಯುವ ಭುಜದ ಮೇಲೇ ಮಲಗಿದರೆ ಯಾರಿಗಾದರೂ ಎಚ್ಚರವಾಗುತ್ತದೆ. ಬೆನ್ನುಮೂಳೆಯ ಉರಿಯೂತದಲ್ಲಿ ಬೆಳಗಿನ ಜಾವ ಬೆನ್ನು ಬಿಗಿದರೂ ಓಡಾಡಿದಂತೆ ಸಡಿಲವಾಗುತ್ತದೆ. ಯಾವುದಕ್ಕೂ ಜಗ್ಗದ ನೋವು ಬೇರೆಯೇ ಜಾತಿ. ಕ್ಯಾನ್ಸರ್ ಗಡ್ಡೆಯ ಜೀವಕೋಶಗಳು ಮೂಳೆ ಸೇರಿದಾಗ ಅಲ್ಲಿ ಹೊಮ್ಮುವ ರಾಸಾಯನಿಕಗಳು ಮತ್ತು ಮೂಳೆಯೊಳಗೆ ಏರುವ ಒತ್ತಡ ನರತುದಿಗಳನ್ನು ಕೆಣಕುತ್ತಿರುತ್ತವೆ. ವಿಶ್ರಾಂತಿ ತೆಗೆದುಕೊಂಡ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಎರಡನೆಯದು ತೂಕದ ಲೆಕ್ಕ. ನಮ್ಮ ಉದಾಹರಣೆಯ ಹಿರಿಯರು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡಿದ್ದರು. ‘ವಯಸ್ಸಾಯಿತಲ್ಲ’ ಎಂದು ಸುಮ್ಮನಿದ್ದರು. ಆರು ತಿಂಗಳ ಹಿಂದಿನ ಚೀಟಿಯಲ್ಲಿ 71 ಕಿಲೋ, ಈಗ 65. ಇಳಿದ 6 ಕಿಲೋವನ್ನು 71ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 8ಕ್ಕೂ ಹೆಚ್ಚು. ಪಥ್ಯವನ್ನಾಗಲಿ ವ್ಯಾಯಾಮವನ್ನಾಗಲಿ ಹೊಸದಾಗಿ ಶುರುಮಾಡದೆ ಆರರಿಂದ ಹನ್ನೆರಡು ತಿಂಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಇಳಿದರೆ ಅದನ್ನು ಕಾರಣ ಹುಡುಕಬೇಕಾದ ಇಳಿಕೆ ಎಂದೇ ವೈದ್ಯರು ಪರಿಗಣಿಸುತ್ತಾರೆ.

ಮೂರನೆಯದು, ಎರಡನ್ನೂ ಒಂದೇ ಉಸಿರಿಗೆ ವೈದ್ಯರಿಗೆ ಹೇಳುವುದು. ಹೆಚ್ಚಿನವರು ಎಡವುವುದು ಇಲ್ಲೇ: ಸೊಂಟನೋವನ್ನು ಮೂಳೆ ವೈದ್ಯರ ಬಳಿ ಹೇಳುತ್ತಾರೆ, ತೂಕದ ವಿಷಯವನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಹಿಂದೆ ಕ್ಯಾನ್ಸರ್ ಆಗಿದ್ದರೆ, ಅದು ಎಷ್ಟೇ ವರ್ಷ ಹಳೆಯದಿರಲಿ, ಹೇಳಲೇಬೇಕು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರ್‌ಗಳು ಮೂಳೆಗೆ ಹರಡುವುದು ಹೆಚ್ಚು. ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಮೂಳೆಯ ಕ್ಷಯವನ್ನೂ ಯೋಚಿಸಬೇಕಾಗುತ್ತದೆ.

ನಾಲ್ಕನೆಯದು ಪರೀಕ್ಷೆಗಳು. ಎಕ್ಸ್‌ರೇ ಸರಿಯಿದೆ ಎಂದ ಕೂಡಲೇ ನಿರಾಳರಾಗಬೇಡಿ. ಬೆನ್ನುಮೂಳೆಯ ಒಳಭಾಗದಲ್ಲಿ ಸುಮಾರು ಅರ್ಧದಷ್ಟು ಖನಿಜ ಕರಗುವವರೆಗೆ ಎಕ್ಸ್‌ರೇಯಲ್ಲಿ ತೂತು ಕಾಣದೇ ಇರಬಹುದು. ಇನ್ನು ಅರವತ್ತು ದಾಟಿದವರಲ್ಲಿ ಸವೆತ ಇದ್ದೇ ಇರುತ್ತದೆ. ಹಾಗಾಗಿ ನೋವಿನ ಹೊಣೆಯನ್ನೆಲ್ಲ ಅದರ ತಲೆಗೆ ಕಟ್ಟುವುದು ಬಹಳ ಸುಲಭ.

ನಮ್ಮವರ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.8, ಸ್ವಲ್ಪ ಕಡಿಮೆ. ಆಲ್ಕಲೈನ್ ಫಾಸ್ಫಟೇಸ್ ಮಿತಿಯ ಮೂರು ಪಟ್ಟು. ಈ ಕಿಣ್ವ ಮೂಳೆಯಿಂದಲೂ ಪಿತ್ತಜನಕಾಂಗದಿಂದಲೂ ಬರುತ್ತದೆ, ಅದರ ಇತರ ಪರೀಕ್ಷೆಗಳು ಸರಿಯಿದ್ದುದರಿಂದ ಬೆರಳು ಮೂಳೆಯತ್ತ ತಿರುಗಿತು. ಪ್ರಾಸ್ಟೇಟ್ ಗ್ರಂಥಿಯ ತೊಂದರೆಯ ಸುಳಿವು ಕೊಡುವ, ಸಾಮಾನ್ಯವಾಗಿ 4ಕ್ಕಿಂತ ಕಡಿಮೆ ಇರಬೇಕಾದ ಪಿಎಸ್‌ಎ 180 ಇತ್ತು. ಎಂಆರ್‌ಐಯಲ್ಲಿ ಮೂರು ಕಶೇರುಕಗಳಲ್ಲೂ ಸೊಂಟದ ಮೂಳೆಯಲ್ಲೂ ಕಲೆಗಳು ಕಂಡವು. ಪ್ರಾಸ್ಟೇಟ್‌ನ ಬಯಾಪ್ಸಿ ಕ್ಯಾನ್ಸರ್ ಎಂದು ಖಚಿತಪಡಿಸಿತು. ಇಷ್ಟು ಹರಡಿದ ಮೇಲೆ ಪೂರ್ತಿ ಗುಣವಾಗುವ ಮಾತಿಲ್ಲ, ನಿಜ. ಆದರೆ ಹಾರ್ಮೋನ್ ತಡೆಯುವ ಚಿಕಿತ್ಸೆಗೆ ಈ ರೋಗ ಸಾಮಾನ್ಯವಾಗಿ ಚೆನ್ನಾಗಿ ಬಗ್ಗುತ್ತದೆ, ಕೆಲವೇ ವಾರಗಳಲ್ಲಿ ರಾತ್ರಿ ನಿದ್ದೆ ಮರಳುವುದುಂಟು. ಎಲ್ಲರಲ್ಲೂ ಕೊನೆಗೆ ಸಿಗುವುದು ಕ್ಯಾನ್ಸರ್ ಅಲ್ಲ. ಕ್ಷಯವಾಗಿದ್ದರೆ ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡು ಗುಣಪಡಿಸಿಕೊಳ್ಳಬಹುದು. ಯಾವುದು ಎಂದು ಸ್ಕ್ಯಾನ್ ನೋಡಿ ಊಹಿಸುವುದಕ್ಕಿಂತ ತುಣುಕು ತೆಗೆದು ಪರೀಕ್ಷಿಸುವುದೇ ಸರಿ.

ಕಾರಣ ತಿಳಿಯುವವರೆಗೆ ಬೆನ್ನು ತುಳಿಸಿಕೊಳ್ಳುವುದು, ಲಟಿಕೆ ತೆಗೆಸುವುದು ಬೇಡ. ಒಳಗೆ ಟೊಳ್ಳಾದ ಕಶೇರುಕ ಕುಸಿಯಬಹುದು.

ಈ ಹಂತಗಳಿಗೆಲ್ಲ ಕಾಯಲೇಬಾರದ ಸಂದರ್ಭವೂ ಒಂದಿದೆ. ಬೆನ್ನುನೋವಿನ ಜೊತೆ ಕಾಲುಗಳ ಬಲ ಕುಂದಿದರೆ, ಕೂರುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಾನಾಗಿ ಸೋರಿದರೆ ಬೆನ್ನುಹುರಿಯೋ ಅದರ ಕೆಳಗಿನ ನರಗಳೋ ಒತ್ತಿಹೋಗುತ್ತಿರಬಹುದು. ಆ ಹೊತ್ತಿಗೇ ತುರ್ತು ವಿಭಾಗಕ್ಕೆ ಹೋಗಿ, ರಾತ್ರಿಯಾದರೂ ಸರಿ. 24 ಗಂಟೆಯೊಳಗೆ ಇಡೀ ಬೆನ್ನುಮೂಳೆಯ ಎಂಆರ್‌ಐ ಆಗಬೇಕು, ಏಕೆಂದರೆ ನಡೆಯುತ್ತಾ ಬಂದವರು ಚಿಕಿತ್ಸೆಯ ನಂತರವೂ ನಡೆಯುವ ಸಾಧ್ಯತೆ ಹೆಚ್ಚು, ಕಾಲು ಪೂರ್ತಿ ಸೋತ ಮೇಲೆ ಬಂದವರಿಗೆ ಆ ಶಕ್ತಿ ಮರಳುವುದು ಅಪರೂಪ.