ಪ್ರಾಂಶುಪಾಲರಿಗೆ ನಾನು ಬರೆದ ಎರಡನೇ ಅರ್ಜಿ

ನಾನು ಬಾಗಲಕೋಟೆ ಕಡೆಯ ಹಳ್ಳಿಯವನು. ಬಿ.ಎ. ಓದಿದ್ದು ವಿಜಯಪುರದಲ್ಲಿ, ರೂಮು ಮಾಡಿಕೊಂಡು. ಎರಡನೇ ವರ್ಷ ನನ್ನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬರಲೇ ಇಲ್ಲ. ನಾನು ಅರ್ಜಿ ಹಾಕಿದ ವಾರವೇ ಹಾಕಿದ್ದ ಬೇರೆ ಕಾಲೇಜಿನ ಗೆಳೆಯನಿಗೆ ಜನವರಿಯಲ್ಲೇ ಜಮಾ ಆಗಿತ್ತು. ನನಗೆ ಖಾನಾವಳಿಯಲ್ಲಿ ಮೂರು ತಿಂಗಳ ಬಾಕಿ ನಿಂತಿತ್ತು.

ಆಫೀಸಿನ ಕಿಟಕಿಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಪ್ರತಿ ಸಲ ಒಂದೇ ಮಾತು: "ಸರ್ಕಾರದಿಂದನ ಬಂದಿಲ್ಲಪಾ, ಬಂದ್ರ ನಿನ್ನ ಅಕೌಂಟಿಗೇ ಬೀಳ್ತೈತಿ." ಸಿಟ್ಟಿನಲ್ಲಿ ಒಂದು ಅರ್ಜಿ ಬರೆದುಕೊಟ್ಟೆ. ಎರಡು ಪುಟ. ಅಪ್ಪನ ಹೊಲ, ಮಳೆ, ಮನೆಯ ಕಷ್ಟ ಎಲ್ಲ ಬರೆದೆ. ಕೊನೆಗೆ "ದಯವಿಟ್ಟು ವಿದ್ಯಾರ್ಥಿವೇತನ ಕೊಡಿಸಬೇಕು" ಅಂದೆ. ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನನ್ನ ಹತ್ತಿರ ಪ್ರತಿಯೂ ಇರಲಿಲ್ಲ.

ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುವ ನಮ್ಮ ಕಾಕಾ ಒಂದು ಪ್ರಶ್ನೆ ಕೇಳಿದರು: "ನಿನ್ನ ಸ್ಕಾಲರ್‌ಶಿಪ್ ಅರ್ಜಿ ಈಗ ಯಾರ ಟೇಬಲ್ ಮ್ಯಾಲ ಐತಿ, ನೋಡಿಯೇನು?" ನಾನು ನೋಡಿರಲಿಲ್ಲ. ಈ ಹಣವನ್ನು ಪ್ರಾಂಶುಪಾಲರು ಕೊಡುವುದಿಲ್ಲ, ಇಲಾಖೆ ನೇರವಾಗಿ ಖಾತೆಗೆ ಹಾಕುತ್ತದೆ. ಹಾಗಾಗಿ ಎಲ್ಲಿ ನಿಂತಿದೆ ಅಂತ ಗೊತ್ತಿಲ್ಲದೆ ಯಾರಿಗೆ ಬರೆದರೂ ಸುಮ್ನೆ.

ಮೊದಲು ಬ್ಯಾಂಕಿನ ಕಡೆ ನೋಡಿದೆ. ಹಣ ಬರುವುದು ಆಧಾರ್ ಮೂಲಕ. ಖಾತೆ ಎಷ್ಟೇ ಇರಲಿ, ಆಧಾರ್‌ಗೆ ಸೀಡ್ ಆಗಿರುವ, ಅಂದರೆ ಜೋಡಿಸಿರುವ, ಒಂದೇ ಖಾತೆಗೆ ಅದು ಹೋಗುತ್ತದೆ. ನನ್ನ ರೂಮ್‌ಮೇಟ್ ಒಂದು ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತ ಕಾಯುತ್ತಿದ್ದ, ಹಣ ಇನ್ನೊಂದು ಬ್ಯಾಂಕಿನಲ್ಲಿ ಬಂದು ಕೂತಿತ್ತು! ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದೆ. ನನ್ನದು ಸರಿ ಇತ್ತು. ಆಮೇಲೆ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗೆ ಲಾಗಿನ್ ಆಗಿ ಅರ್ಜಿಯ ಸ್ಥಿತಿ ತೆಗೆದೆ. ಕಾಲೇಜು ಹಂತದ ಪರಿಶೀಲನೆಯೇ ಬಾಕಿ ಅಂತ ಇತ್ತು. ಅಂದರೆ ಅರ್ಜಿ ಕಾಲೇಜು ದಾಟಿಯೇ ಇಲ್ಲ. ಇಲಾಖೆಗೆ ಹೋಗದ ಅರ್ಜಿಗೆ ಸರ್ಕಾರ ಹಣ ಹೇಗೆ ಹಾಕುತ್ತದೆ, ಅಲ್ವಾ? ಅದು ಇಲಾಖೆಯಲ್ಲಿ ನಿಂತಿದ್ದರೆ ನಾನು ಬರೆಯಬೇಕಿದ್ದದ್ದು ಇಲಾಖೆಯ ತಾಲೂಕು ಅಧಿಕಾರಿಗೆ. ಸೀಡಿಂಗ್ ತಪ್ಪಿದ್ದರೆ ಬ್ಯಾಂಕಿಗೆ.

ಎರಡನೇ ಅರ್ಜಿ ಒಂದೇ ಪುಟ. 'ಇಂದ', 'ಗೆ' ಆದಮೇಲೆ ವಿಷಯದ ಸಾಲು ಹೀಗಿತ್ತು: "ವಿದ್ಯಾರ್ಥಿವೇತನ ಅರ್ಜಿಯ ಕಾಲೇಜು ಹಂತದ ಪರಿಶೀಲನೆ ಬಾಕಿ ಇರುವ ಬಗ್ಗೆ." ಉಲ್ಲೇಖದಲ್ಲಿ ಅರ್ಜಿ ಸಂಖ್ಯೆ ಮತ್ತು ಸಲ್ಲಿಸಿದ ದಿನ ಹಾಕಿದೆ. ಒಳಗಿನ ಮುಖ್ಯ ಭಾಗ ಇಷ್ಟೇ:

"ಮಾನ್ಯರೇ, ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿ. ಮೇಲಿನ ಅರ್ಜಿಯನ್ನು ಕೊನೆಯ ದಿನಾಂಕದ ಒಳಗೆ ಸಲ್ಲಿಸಿದ್ದೇನೆ. ಪೋರ್ಟಲ್‌ನಲ್ಲಿ ಅದು ಇಂದಿಗೂ ಕಾಲೇಜು ಹಂತದಲ್ಲೇ ಬಾಕಿ ಇದೆ. ನನ್ನ ದಾಖಲೆಗಳಲ್ಲಿ ಕೊರತೆ ಇದ್ದರೆ ಯಾವುದೆಂದು ಲಿಖಿತವಾಗಿ ತಿಳಿಸಬೇಕು. ಇಲ್ಲದಿದ್ದರೆ ಏಳು ದಿನಗಳೊಳಗೆ ಪರಿಶೀಲಿಸಿ ಇಲಾಖೆಗೆ ಕಳುಹಿಸಬೇಕೆಂದು ವಿನಂತಿಸುತ್ತೇನೆ."

'ಕೊರತೆ ಇದ್ದರೆ ಲಿಖಿತವಾಗಿ' ಎಂಬ ಸಾಲು ಕಾಕಾ ಹೇಳಿಕೊಟ್ಟದ್ದು. ಆಮೇಲೆ "ನಿನ್ನ ಕಾಗದ ಸರಿ ಇರಲಿಲ್ಲ" ಅನ್ನುವ ಬಾಯಿಮಾತಿಗೆ ಜಾಗ ಇರುವುದಿಲ್ಲ. ಗುಮಾಸ್ತರ ಹೆಸರನ್ನು ಎಲ್ಲೂ ಬರೆಯಲಿಲ್ಲ. ನನಗೆ ಬೇಕಿದ್ದದ್ದು ಪರಿಶೀಲನೆ, ಅವರ ಮೇಲೆ ಕ್ರಮ ಅಲ್ಲ. ಪೋರ್ಟಲ್ ಪುಟದ ಪ್ರಿಂಟ್, ಸೀಡಿಂಗ್ ಪುಟದ ಪ್ರಿಂಟ್, ಶುಲ್ಕದ ರಸೀದಿ ಲಗತ್ತಿಸಿದೆ.

ಎರಡು ಪ್ರತಿ ಒಯ್ದಿದ್ದೆ. ಟಪಾಲು ತಗೊಳ್ಳುವವರು "ಇಟ್ ಹೋಗಪಾ, ಸಾಹೇಬ್ರಿಗೆ ಕೊಡ್ತೀನಿ" ಅಂದರು. "ಸರ್, ನನ್ನ ಪ್ರತಿ ಮ್ಯಾಲ ಒಂದು ಸೀಲ್ ಹಾಕಿ ಕೊಡ್ರಿ" ಅಂದು ಅಲ್ಲೇ ನಿಂತೆ. ಹತ್ತು ನಿಮಿಷ ನಿಲ್ಲಬೇಕಾಯಿತು. ಕೊನೆಗೆ ನೀಲಿ ಸೀಲು, ಅದರೊಳಗೆ ಕೈಯಲ್ಲಿ ಬರೆದ ಆವಕ ಸಂಖ್ಯೆ, ದಿನಾಂಕ, ಸಣ್ಣ ಸಹಿ ಬಿತ್ತು.

ಮೂರನೇ ದಿನ ಪ್ರಾಂಶುಪಾಲರು ಕರೆಸಿದರು. ಪೋರ್ಟಲ್ ಪುಟದ ಪ್ರಿಂಟ್ ಅವರ ಟೇಬಲ್ ಮೇಲಿತ್ತು. ಗುಮಾಸ್ತರನ್ನೂ ಕರೆಸಿ ಕೇಳಿದಾಗ ಕಾರಣ ಹೊರಬಂತು. ಪರಿಶೀಲನೆ ಮಾಡುತ್ತಿದ್ದವರು ವರ್ಗವಾಗಿ ಹೋಗಿದ್ದರು. ಲಾಗಿನ್ ಇನ್ನೂ ಅವರ ಹೆಸರಿನಲ್ಲೇ ಇತ್ತು, ಒಟಿಪಿ ಅವರ ಮೊಬೈಲಿಗೇ ಹೋಗುತ್ತಿತ್ತು. ಹೊಸಬರ ಹೆಸರಿಗೆ ಮಾಡಿಸಿಕೊಳ್ಳುವ ಪತ್ರವನ್ನು ಯಾರೂ ಬರೆದಿರಲಿಲ್ಲ. ಆ ಪಟ್ಟಿಯಲ್ಲಿ ನನ್ನ ಜೊತೆ ಇನ್ನೂ 11 ಜನರಿದ್ದರು. ಅವರಲ್ಲಿ ಇಬ್ಬರು ಪರೀಕ್ಷಾ ಶುಲ್ಕಕ್ಕೆ ಸಾಲ ಮಾಡಿದ್ದರು ಅಂತ ಆಮೇಲೆ ತಿಳಿದು ಬಹಳ ಬೇಜಾರಾಯಿತು.

ಒಂಬತ್ತನೇ ದಿನ ಪೋರ್ಟಲ್‌ನಲ್ಲಿ ನನ್ನ ಅರ್ಜಿ ಕಾಲೇಜು ದಾಟಿತು. ಹಣ ಬಂದದ್ದು ಅದಾಗಿ ಏಳು ವಾರಕ್ಕೆ. ಆ ಏಳು ವಾರ ಇಲಾಖೆಯದು, ಅದಕ್ಕೆ ಪ್ರಾಂಶುಪಾಲರನ್ನು ಕೇಳುವ ಹಾಗಿರಲಿಲ್ಲ. ಅಷ್ಟೊತ್ತಿಗೆ ಖಾನಾವಳಿಯ ಅಕ್ಕನಿಗೆ ಆ ಸೀಲಿನ ಪ್ರತಿ ತೋರಿಸಿ ಟೈಮ್ ತಗೊಂಡಿದ್ದೆ.