‘ಮಡಗಾಂವ್ ಕೋ ಟಿಕಟ್’ ತಪ್ಪು ಹೋಗಿದ್ದು ಹೇಗೆ: ನನ್ನ ಅನುಭವ

ಕಾರವಾರದಲ್ಲಿ ಹೊಸಬರಿಗೆ ಹಿಂದಿ ಕಲಿಸುತ್ತೇನೆ. ಟಿಕೆಟ್ ಕೌಂಟರಿನ ಸಂಭಾಷಣೆ ಶುರುವಾದರೆ ಸಾಕು, ಹೆಚ್ಚಿನವರು ‘ಮಡಗಾಂವ್ ಕೋ ಟಿಕಟ್ ದೀಜಿಏ’ ಅನ್ನುತ್ತಿದ್ದರು. ಅಂದರೆ ಮಡಗಾಂವ್ ಅನ್ನೋ ಊರಿನ ಕೈಗೇ ಟಿಕೆಟ್ ಕೊಡಿ ಅಂದ ಹಾಗೆ!

ಹತ್ತು ಸಲ ಬರೆಸಿದೆ, ಆಗಲಿಲ್ಲ. ಷಷ್ಠಿ ವಿಭಕ್ತಿ ಅಂತ ವಿವರಿಸಿದೆ, ಜಾಸ್ತಿ ಗೊಂದಲವಾಯಿತು. ಕೊನೆಗೆ ಗೊತ್ತಾಯಿತು, ತಪ್ಪು ನಾನು ಹಿಂದಿ ಸಾಲಿನ ಕೆಳಗೆ ಕೊಟ್ಟ ಕನ್ನಡ ಅರ್ಥದಲ್ಲೇ ಇತ್ತು. ‘ಮಡಗಾಂವಿಗೆ ಒಂದು ಟಿಕೆಟ್’ ಅಂತ ಬರೆದಿದ್ದೆ, ಆ ‘ಗೆ’ ನೋಡಿ ಅವರು ‘ಕೋ’ ಹಾಕುತ್ತಿದ್ದರು, ಅದು ಸಹಜವೇ ಅಲ್ವಾ.

ಅರ್ಥವನ್ನು ಹೀಗೆ ಬದಲಿಸಿದೆ:

ಪ್ರಯಾಣಿಕ: ಮಡಗಾಂವ್ ಕಾ ಟಿಕಟ್ ದೀಜಿಏ. (ಮಡಗಾಂವದ್ದು ಟಿಕೆಟ್ ಕೊಡಿ.)
ಕೌಂಟರಿನವರು: ಕಿತನೇ? (ಎಷ್ಟು?)
ಪ್ರಯಾಣಿಕ: ದೋ. ಕಿತನೇ ಪೈಸೇ ಹುಏ? (ಎರಡು. ಎಷ್ಟು ದುಡ್ಡಾಯಿತು?)

‘ಮಡಗಾಂವದ್ದು’ ನಾವು ಆಡುವ ಮಾತೇ, ‘ಕಾ’ ಜೊತೆ ನೇರ ಹೊಂದುತ್ತದೆ.

ಕಲಿಸುವ ಕ್ರಮ ಮುಖ್ಯ. ಮೊದಲು ಹಿಂದಿ ಸಾಲು ಮುಚ್ಚಿ ಕನ್ನಡ ಮಾತ್ರ ಓದಿಸಿ, ‘ದ್ದು’ ಬಂದಲ್ಲಿ ಗೆರೆ ಹಾಕಿಸಿ. ಆಮೇಲೆ ಗೆರೆ ಇದ್ದಲ್ಲಿ ‘ಕಾ’ ಹೇಳಿಸಿ. ಊರು ಬದಲಿಸುತ್ತಾ ಹೋಗಿ: ಕುಮಟಾ ಕಾ, ಭಟ್ಕಳ ಕಾ, ಉಡುಪಿ ಕಾ. ಇದು ಬಾಯಿಗೆ ಬಂದ ಮೇಲೇ ಸಂಖ್ಯೆ ಸೇರಿಸಿ, ಯಾಕಂದರೆ ಒಂದಕ್ಕಿಂತ ಜಾಸ್ತಿ ಆದರೆ ‘ಕಾ’ ಹೋಗಿ ‘ಕೇ’ ಬರುತ್ತದೆ: ಕುಮಟಾ ಕೇ ದೋ ಟಿಕಟ್. ಎರಡನ್ನೂ ಒಂದೇ ದಿನ ಹೇಳಿದಾಗ ಮತ್ತೆ ‘ಕೋ’ ವಾಪಸ್ ಬಂತು, ಹಾಗಾಗಿ ‘ಕೇ’ ಮರುದಿನಕ್ಕೆ ಇಟ್ಟುಕೊಳ್ಳಿ.

‘ಕುಮಟಾ ಜಾನಾ ಹೈ’ಗೆ ಮಾತ್ರ ‘ಕುಮಟಾಕ್ಕೆ ಹೋಗಬೇಕು’ ಅಂತಲೇ ಬರೆಯಿರಿ. ಅಲ್ಲಿ ಹಿಂದಿಯಲ್ಲಿ ಊರಿನ ಹೆಸರಿಗೆ ಏನೂ ಸೇರುವುದಿಲ್ಲ.